ಕಾಯುವ ಪೈರು

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವನು. ಎಲೆಯ ಅಡ್ಡಸೀಳಿಕೆಯನ್ನು ಬೋರ್ಡಿನ ಮೇಲೆ ಬರೆದು, ಪತ್ರರಂಧ್ರ ಎಲ್ಲಿ, ಹರಿತ್ತು ಎಲ್ಲಿ ಎಂದು ಬಣ್ಣದ ಸೀಮೆಸುಣ್ಣದಲ್ಲಿ ಗುರುತು ಹಾಕುವುದು ಹದಿನೈದು ವರ್ಷದ ಅಭ್ಯಾಸ. ಶಿರಾ ಕಡೆಯ ನಮ್ಮೂರಿನಲ್ಲಿ ಅಪ್ಪನಿಗೆ ಎರಡೂವರೆ ಎಕರೆ ಕೆಂಪು ಮಣ್ಣಿನ ಹೊಲವಿದೆ. ಬೋರ್‌ವೆಲ್ ಇಲ್ಲ. ಒಮ್ಮೆ ಕೊರೆಸಿ ಬರೀ ಬೂದಿಯಂಥ ಧೂಳು ನೋಡಿದ ಮೇಲೆ ಅಪ್ಪ ಆ ಮಾತೇ ಎತ್ತಲಿಲ್ಲ. ಮಳೆ ಬಂದರೆ ರಾಗಿ, ಜೊತೆಗೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಇಷ್ಟೇ ಅವನ ಬೇಸಾಯ.

2023ರ ಬೇಸಿಗೆಯಲ್ಲಿ ಆ ಹೊಲಕ್ಕೆ ಮುಸುಕಿನ ಜೋಳ ಹಾಕಿಸಿದವನು ನಾನು.

ನನ್ನ ಲೆಕ್ಕ ಸರಳವಾಗಿತ್ತು. ರಾಗಿ ಎಕರೆಗೆ ಹತ್ತು ಹನ್ನೆರಡು ಕ್ವಿಂಟಾಲ್ ಬಂದರೆ ನಮ್ಮೂರಲ್ಲಿ ಅದೇ ಹಬ್ಬ. ಜೋಳ ಇಪ್ಪತ್ತು ದಾಟುತ್ತದೆ, ಕೊಯ್ಲಿಗೆ ಆಳು ಕಡಿಮೆ ಸಾಕು, ಕೋಳಿ ಆಹಾರದವರು ಮನೆ ಬಾಗಿಲಿಗೇ ಬಂದು ಕೊಳ್ಳುತ್ತಾರೆ. ಅಪ್ಪ ಬೀಡಿ ಹಚ್ಚಿಕೊಂಡು ಕೇಳಿಸಿಕೊಂಡ. "ಮಳೆ ಬಂದ್ರೆ ಸರಿ ಕಣ್ಲಾ" ಅಂದ. ನಾನು ಬಿಡದೆ ಪಾಠ ಶುರು ಮಾಡಿದೆ. ಜೋಳವೂ ರಾಗಿಯ ಹಾಗೇ ನೀರು ಕಡಿಮೆ ಕೇಳುವ ಜಾತಿಯ ಗಿಡ, ಎರಡೂ ಸಿ-4 ಸಸ್ಯಗಳು ಅಂದೆ. ಸಿ-4 ಅಂದರೇನೆಂದು ಅಪ್ಪ ಕೇಳಲಿಲ್ಲ. ಅಮ್ಮ ಮಾತ್ರ, "ಮುದ್ದೆಗೆ ಒಂದೆಕ್ರೆ ಬಿಟ್ಬಿಡಪ್ಪ, ಮಿಕ್ಕಿದ್ದು ನಿಮ್ಮಿಷ್ಟ" ಎಂದಳು. ಹಾಗೆ ಒಂದೂವರೆ ಎಕರೆ ಜೋಳಕ್ಕೆ, ಒಂದು ಎಕರೆ ರಾಗಿಗೆ ಎಂದಾಯಿತು. ಬಿತ್ತನೆ ಜೋಳದ ಮೂರು ಚೀಲ, ಎರಡು ಮೂಟೆ ಡಿಎಪಿ, ಎರಡು ಮೂಟೆ ಯೂರಿಯಾ, ಟ್ರಾಕ್ಟರ್ ಬಾಡಿಗೆ, ಮುಂದೆ ಹುಳುವಿನ ಔಷಧಿ ಎಲ್ಲಕ್ಕೂ ಸೇರಿ ಅಮ್ಮ ತನ್ನ ಸಂಘದಲ್ಲಿ ಇಪ್ಪತ್ತು ಸಾವಿರ ಸಾಲ ಎತ್ತಿದಳು. ನಾನು ಕೊಡುತ್ತೇನೆಂದರೆ ಅಪ್ಪ ಒಪ್ಪಲಿಲ್ಲ. ಹೊಲದ ಖರ್ಚು ಹೊಲವೇ ತೀರಿಸಬೇಕು ಎಂಬುದು ಅವನ ಹಟ. ರಾಗಿಗೆ ಹೊರಗಿನಿಂದ ತಂದದ್ದು ಅರ್ಧ ಮೂಟೆ ಯೂರಿಯಾ ಮಾತ್ರ. ಬೀಜ ಅಮ್ಮನ ವಾಡೆಯಲ್ಲಿತ್ತು, ಗೊಬ್ಬರ ತಿಪ್ಪೆಯಲ್ಲಿತ್ತು.

ನಾನು ಹೇಳಿದ ಸಿ-4 ಪಾಠದಲ್ಲಿ ಸುಳ್ಳೇನೂ ಇರಲಿಲ್ಲ. ಗಿಡ ಉಸಿರಾಡಲು ಎಲೆಯಲ್ಲಿರುವ ಸಣ್ಣ ಬಾಯಿಗಳನ್ನು ತೆರೆಯಬೇಕು. ತೆರೆದಾಗ ಇಂಗಾಲದ ಡೈಆಕ್ಸೈಡ್ ಒಳಗೆ ಬರುತ್ತದೆ, ಅದೇ ಬಾಯಿಂದ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಭತ್ತ, ಗೋಧಿಯಂಥ ಗಿಡಗಳಲ್ಲಿ ಗಾಳಿಯಿಂದ ಇಂಗಾಲ ಹಿಡಿಯುವ ಕಿಣ್ವ ಆಗಾಗ ತಪ್ಪಿ ಆಮ್ಲಜನಕವನ್ನು ಹಿಡಿದು ಬಿಡುತ್ತದೆ. ಬಿಸಿಲು ಏರಿದಷ್ಟೂ ಈ ತಪ್ಪು ಹೆಚ್ಚು. ರಾಗಿ, ಜೋಳ, ನವಣೆಗಳು ಇದಕ್ಕೊಂದು ಉಪಾಯ ಮಾಡಿಕೊಂಡಿವೆ. ಬಂದ ಇಂಗಾಲವನ್ನು ಮೊದಲು ಬೇರೊಂದು ಕಿಣ್ವದ ಕೈಲಿ ಹಿಡಿಸಿ, ಎಲೆಯ ನರಗಳ ಸುತ್ತ ಇರುವ ದಪ್ಪ ಕೋಶಗಳೊಳಗೆ ಒತ್ತಾಗಿ ತುಂಬುತ್ತವೆ. ಅಲ್ಲಿ ಇಂಗಾಲ ಕಿಕ್ಕಿರಿದಿರುವುದರಿಂದ ತಪ್ಪಿಗೆ ಅವಕಾಶವಿಲ್ಲ. ಬಾಯಿ ಅರ್ಧ ತೆರೆದರೂ ಊಟ ಸಾಕಾಗುತ್ತದೆ, ನೀರು ಉಳಿಯುತ್ತದೆ.

ಎಷ್ಟು ಉಳಿಯುತ್ತದೆ ಎಂಬುದನ್ನು ನೂರು ವರ್ಷಗಳ ಹಿಂದೆಯೇ ಅಳೆದವರಿದ್ದಾರೆ. ಅಮೆರಿಕದ ಕೊಲರಾಡೋದ ಒಣ ಬಯಲಿನಲ್ಲಿ ಬ್ರಿಗ್ಸ್ ಮತ್ತು ಶಾಂಟ್ಜ್ ಎಂಬಿಬ್ಬರು 1910ರ ದಶಕದಲ್ಲಿ ದೊಡ್ಡ ದೊಡ್ಡ ಡಬ್ಬಿಗಳಲ್ಲಿ ಗಿಡ ಬೆಳೆಸಿ ಪದೇ ಪದೇ ತೂಗಿದರು. ಒಂದು ಕಿಲೋ ಒಣ ಗಿಡ ಆಗಲು ನವಣೆ, ಬರಗು ಸುಮಾರು ಮುನ್ನೂರು ಕಿಲೋ ನೀರು ಕುಡಿಯುತ್ತವೆ, ಗೋಧಿ ಐನೂರರ ಆಸುಪಾಸು, ಕುದುರೆ ಮಸಾಲೆ ಸೊಪ್ಪು ಎಂಟುನೂರಕ್ಕೂ ಹೆಚ್ಚು. ಮುಸುಕಿನ ಜೋಳ? ಮುನ್ನೂರೈವತ್ತಕ್ಕಿಂತ ತುಸು ಮೇಲೆ. ನವಣೆಗೂ ಅದಕ್ಕೂ ದೂರವೇನಿಲ್ಲ. ಈ ಪಟ್ಟಿಯನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತೇನೆ. ಇದನ್ನೇ ನಂಬಿ ಅಪ್ಪನ ಹೊಲಕ್ಕೆ ಜೋಳ ಹಾಕಿಸಿದ್ದು. ಒಂದು ಗಿಡ ನೀರನ್ನು ಎಷ್ಟು ಕುಡಿಯುತ್ತದೆ ಎಂಬುದು ಒಂದು ಪ್ರಶ್ನೆ, ನೀರು ಸಿಗದ ಇಪ್ಪತ್ತೈದು ದಿನ ಏನು ಮಾಡುತ್ತದೆ ಎಂಬುದು ಬೇರೆಯೇ ಪ್ರಶ್ನೆ ಎಂದು ನನಗೆ ಹೊಳೆದಿರಲಿಲ್ಲ.

ಆ ವರ್ಷ ಜೂನ್ ಕೈಕೊಟ್ಟಿತು. ಪುನರ್ವಸು ಮಳೆಯಲ್ಲಿ ಒಂದು ಹದ ಸಿಕ್ಕಿ ಜುಲೈ 8ಕ್ಕೆ ಜೋಳ ಹಾಕಿದೆವು. ಪುಷ್ಯ ಮಳೆಯ ಹದಕ್ಕೆ, ಜುಲೈ 22ರಂದು, ಅಪ್ಪ ಕೂರಿಗೆಯಲ್ಲಿ ರಾಗಿ ಬಿತ್ತಿದ. ಎಕರೆಗೆ ನಾಲ್ಕೈದು ಕಿಲೋ ಬೀಜ, ಎರಡು ಬೆರಳಿಗಿಂತ ಆಳ ಹೋಗಬಾರದು. ಕಾಳು ಸಾಸಿವೆಗಿಂತ ಚಿಕ್ಕದು, ಅದರೊಳಗಿನ ಬುತ್ತಿ ಅಷ್ಟೇ, ಆಳಕ್ಕೆ ಬಿದ್ದರೆ ಮೊಳಕೆ ಬೆಳಕು ಕಾಣುವ ಮೊದಲೇ ಬುತ್ತಿ ಮುಗಿದಿರುತ್ತದೆ. ತಳಿ ಜಿಪಿಯು-28. ಅಪ್ಪ ಅದನ್ನೂ 'ಇಂಡಾಫು' ಎಂದೇ ಕರೆಯುತ್ತಾನೆ. ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಆಫ್ರಿಕದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಮಾಡಿದ ತಳಿಗಳ ಹೆಸರದು. ಅಪ್ಪನ ಪೀಳಿಗೆಗೆ ಒಳ್ಳೆಯ ರಾಗಿಯೆಲ್ಲ ಇಂಡಾಫೇ.

ಆಗಸ್ಟ್ ಬಂತು, ಮಳೆ ನಿಂತಿತು. 1901ರಿಂದ ಲೆಕ್ಕ ಇಟ್ಟಂದಿನಿಂದ ದೇಶಕ್ಕೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ ಎಂದು ಆಮೇಲೆ ಪತ್ರಿಕೆಯಲ್ಲಿ ಬಂತು. ನಾನು ಪ್ರತಿ ಭಾನುವಾರ ಊರಿಗೆ ಹೋಗತೊಡಗಿದೆ. ಹೋಗಿ ಮಾಡುವುದೇನೂ ಇರಲಿಲ್ಲ. ಬದುವಿನ ಮೇಲೆ ನಿಂತು ಎಡಕ್ಕೆ ಜೋಳ, ಬಲಕ್ಕೆ ರಾಗಿ ನೋಡಿಕೊಂಡು ಬರುವುದು.

ಮೊದಲೆರಡು ವಾರ ಜೋಳವೇ ಚೆನ್ನಾಗಿತ್ತು. ಎದೆಯುದ್ದ ಬೆಳೆದು ಕಪ್ಪು ಹಸಿರಾಗಿತ್ತು. ಸುಳಿಯಲ್ಲಿ ಸೈನಿಕ ಹುಳು ಕಾಣಿಸಿಕೊಂಡು ಎರಡು ಸಲ ಔಷಧಿ ಹೊಡೆಸಿದ್ದು ಬಿಟ್ಟರೆ ದೂರುವಂಥದ್ದೇನೂ ಇರಲಿಲ್ಲ. (2018ರಲ್ಲಿ ಈ ಹುಳು ದೇಶದಲ್ಲೇ ಮೊದಲು ಕಂಡದ್ದು ನಮ್ಮ ಶಿವಮೊಗ್ಗದ ಜೋಳದಲ್ಲಿ.) ರಾಗಿ ಮಾತ್ರ ಗೇಣುದ್ದಕ್ಕೆ ನಿಂತುಬಿಟ್ಟಿತ್ತು. ಬೆಳಗ್ಗೆ ಎಲೆ ಬಿಡಿಸಿಕೊಂಡಿರುವುದು, ಹತ್ತು ಗಂಟೆಗೆಲ್ಲ ಸುರುಳಿ ಸುತ್ತಿ ಸೂಜಿಯಂತಾಗುವುದು, ಸಂಜೆ ಮತ್ತೆ ಬಿಡಿಸಿಕೊಳ್ಳುವುದು. ಕೆಳಗಿನ ಎರಡೆರಡು ಎಲೆ ಹಳದಿಯಾಗಿ ಒಣಗಿದವು. ದೂರದಿಂದ ನೋಡಿದವರು ಹೊಲ ಸತ್ತಿದೆ ಎನ್ನಬೇಕು.

ಅಪ್ಪ ಅಂಥ ಹೊಲದಲ್ಲಿ ಕುಂಟೆ ಹೊಡೆದ. ಪಕ್ಕದವರ ಎತ್ತು ತಂದು ಸಾಲಿನ ನಡುವೆ ಹೊಡೆದ, ಅಲ್ಲಲ್ಲಿ ಒತ್ತಾಗಿದ್ದ ಪೈರನ್ನು ಕೈಯಲ್ಲೇ ಕಿತ್ತು ಅಂತರ ಕೊಟ್ಟ. ಇರುವ ತೇವವೂ ಹೋಗುತ್ತದಲ್ಲ ಎಂದೆ. "ಮೇಲೆ ಹೆಪ್ಪುಗಟ್ಟಿದ ಮಣ್ಣು ಬತ್ತಿ ಇದ್ದಂಗೆ, ಒಳಗಿನ ತೇವ ಎಳ್ಕೊಂಡು ಬಿಸ್ಲಿಗೆ ಕೊಡ್ತದೆ. ಬತ್ತಿ ಕತ್ತರಿಸ್ಬೇಕು" ಅಂದ. ಮಣ್ಣಿನ ಲೋಮನಾಳ ಎಂದು ನಾನು ಅರ್ಧ ಗಂಟೆ ಹೇಳುವುದು ಇದನ್ನೇ. ಮೂಲೆಯಲ್ಲಿ ಕೂರಿಗೆ ತಿರುಗದ ಜಾಗಕ್ಕೆ ಅಪ್ಪ ರಾಗಿ ಚೆಲ್ಲಿದ್ದ, ಅಲ್ಲಿ ಕುಂಟೆ ಆಡಲಿಲ್ಲ. ಆ ಮೂಲೆಯ ಪೈರು ಉಳಿದದ್ದಕ್ಕಿಂತ ಒಂದು ವಾರ ಮೊದಲೇ ಬಾಡಿತು. ರಾಗಿ ಬರ ತಡೆಯುತ್ತದೆ ಎಂದು ಹೇಳುವವರು ಆ ಮೂಲೆಯನ್ನೂ ನೋಡಬೇಕು.

ಆಗಸ್ಟ್ 27ರ ಭಾನುವಾರ ಗುದ್ದಲಿ ತೆಗೆದುಕೊಂಡು ಹೋಗಿ ರಾಗಿಯ ಒಂದು ಗುಡ್ಡೆಯನ್ನು ಅಗೆದೆ. ಮೊದಲು ಕೈಯಲ್ಲಿ ಎಳೆದು ನೋಡಿದೆ, ಗೇಣುದ್ದದ ಗಿಡ ಜಪ್ಪಯ್ಯ ಅನ್ನಲಿಲ್ಲ. ಆಳಕ್ಕೆ ತೋಡಿದಾಗ ಕಾರಣ ಕಂಡಿತು. ಮೇಲೆ ಒಂದು ಗೇಣು, ಕೆಳಗೆ ಅದರ ಎರಡರಷ್ಟು. ದಪ್ಪ ಬೇರಿಲ್ಲ, ಕೂದಲಿನಂಥ ನಾರುಬೇರು ಮಣ್ಣಿನ ಉಂಡೆಯನ್ನು ಎಲ್ಲ ಕಡೆಯಿಂದ ಹೆಣೆದುಕೊಂಡಿತ್ತು, ಕೊಡವಿದರೂ ಮಣ್ಣು ಉದುರಲಿಲ್ಲ. ಗಿಡ ನಿಂತುಬಿಟ್ಟಿದೆ ಎಂದು ನಾವು ಅಂದುಕೊಂಡ ಮೂರು ವಾರ ಅದು ಕೆಳಗೆ ಹೋಗುತ್ತಿತ್ತು. ಗಿಡದ ಬುಡವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಣಗಿದ ಎಲೆಯ ಪೊರೆಗಳ ಒಳಗೆ, ನೆಲದ ಮಟ್ಟದಲ್ಲೇ, ಅಕ್ಕಿಕಾಳಿನ ತುದಿಯಷ್ಟು ಬೆಳ್ಳಗಿನ ಸುಳಿ. ಅದರ ಪಕ್ಕದಲ್ಲಿ ಇನ್ನೂ ಮೂರ್ನಾಲ್ಕು ಮೊಗ್ಗು, ತೆಂಡೆ ಒಡೆಯಲು ಕಾದು ಕೂತಿದ್ದವು. ಒತ್ತಿದರೆ ಬೆರಳು ಒದ್ದೆಯಾಯಿತು.

ಸುಳಿ ಒದ್ದೆಯಾಗಿ ಉಳಿಯುವುದು ಹೇಗೆ ಎಂಬುದು ನನ್ನ ಪಾಠದಲ್ಲಿತ್ತು, ಆದರೆ ನಾನದನ್ನು ಪರೀಕ್ಷೆಗೆ ಬರುವ ಎರಡು ಅಂಕದ ಪ್ರಶ್ನೆ ಎಂದೇ ಹೇಳಿಕೊಡುತ್ತಿದ್ದೆ. ನೀರು ಕಡಿಮೆಯಾಗುತ್ತಿದ್ದಂತೆ ಗಿಡ ತನ್ನ ಕೋಶಗಳ ಒಳಗೆ ಸಕ್ಕರೆಯನ್ನೂ ಪ್ರೋಲೀನ್‌ನಂಥ ಅಮೈನೋ ಆಮ್ಲಗಳನ್ನೂ ತುಂಬಿಕೊಳ್ಳುತ್ತದೆ. ಉಪ್ಪಿನಕಾಯಿ ಜಾಡಿಯಲ್ಲಿ ಉಪ್ಪು ನೀರನ್ನು ಎಳೆದಿಟ್ಟುಕೊಳ್ಳುವ ಹಾಗೆ, ಕೋಶದೊಳಗಿನ ರಸ ಗಟ್ಟಿಯಾದಷ್ಟೂ ನೀರು ಹೊರಗೆ ಹೋಗಲು ಒಲ್ಲೆ ಅನ್ನುತ್ತದೆ. ಹಳೆಯ ಎಲೆಗಳನ್ನು ಒಣಗಲು ಬಿಟ್ಟು ಖರ್ಚು ಇಳಿಸುವುದು, ಸುರುಳಿ ಸುತ್ತಿ ಬಿಸಿಲಿಗೆ ಕಾಣುವ ಮೈ ಕಡಿಮೆ ಮಾಡುವುದು, ಬೆಳವಣಿಗೆ ನಿಲ್ಲಿಸಿ ಸುಳಿಯೊಂದನ್ನು ಕಾಪಾಡುವುದು. ಜೋಳವೂ ಎಲೆ ಸುತ್ತುತ್ತದೆ, ರಸ ಗಟ್ಟಿ ಮಾಡಿಕೊಳ್ಳುತ್ತದೆ. ಆದರೆ ಅದಕ್ಕೆ ನಿಲ್ಲಲು ಬರುವುದಿಲ್ಲ. ಐವತ್ತೈದನೆಯ ದಿನಕ್ಕೆ ಹೂ ಬಿಡಬೇಕು ಎಂದಿದ್ದರೆ ಬಿಟ್ಟೇ ಬಿಡುತ್ತದೆ.

ಬಿಟ್ಟಿತು. ಆಗಸ್ಟ್ ಮುಗಿಯುವ ಹೊತ್ತಿಗೆ ಜೋಳದ ತಲೆಯಲ್ಲಿ ಸೂಲಂಗಿ ಹೊರಟಿತು. ಸೂಲಂಗಿ ಗಂಡು ಹೂ, ಪರಾಗ ಉದುರಿಸುವುದು. ಹೆಣ್ಣು ಹೂ ಕೆಳಗೆ, ಗಿಡದ ಸೊಂಟದಲ್ಲಿ, ಮುಸುಕಿನೊಳಗೆ. ಮುಸುಕಿನ ತುದಿಯಿಂದ ಇಳಿಯುವ ಒಂದೊಂದು ರೇಷ್ಮೆ ಕೂದಲೂ ಒಂದೊಂದು ಕಾಳಿಗೆ ಸೇರಿದ್ದು, ಕೂದಲಿಗೆ ಪರಾಗ ತಾಗಿದರೆ ಮಾತ್ರ ಕಾಳು. ನೀರಿದ್ದರೆ ಸೂಲಂಗಿ ಉದುರಲು ಶುರುವಾದ ಎರಡು ಮೂರು ದಿನದಲ್ಲಿ ಕೂದಲು ಬರುತ್ತದೆ. ಕೂದಲು ಉದ್ದವಾಗಲು ನೀರೇ ಬೇಕು. ನೀರಿಲ್ಲದಾಗ ಸೂಲಂಗಿ ತಡ ಮಾಡುವುದಿಲ್ಲ, ಕೂದಲು ಮಾತ್ರ ತಡವಾಗುತ್ತದೆ. ಸೆಪ್ಟೆಂಬರ್ ಮೊದಲ ವಾರ ಪುಬ್ಬೆ ಮಳೆ ಬಂತು. 10ನೇ ತಾರೀಕು ಭಾನುವಾರ ನಾನು ಹೋದಾಗ ಜೋಳದ ಮುಸುಕಿನಿಂದ ತಿಳಿಹಸಿರು ಕೂದಲು ಹೊಸದಾಗಿ ಇಳಿದಿತ್ತು, ಹೊಲ ನೋಡಲು ಚೆಂದವಾಗಿತ್ತು. ಸೂಲಂಗಿಯನ್ನು ಬಗ್ಗಿಸಿ ಅಂಗೈ ಮೇಲೆ ಕೊಡವಿದೆ. ಹಳದಿ ಹುಡಿ ಬೀಳಲಿಲ್ಲ, ಒಣ ಹೊಟ್ಟು ಬಿತ್ತು. ಇಪ್ಪತ್ತು ಗಿಡ ಕೊಡವಿದೆ. ಅಪ್ಪ ಬದುವಿನ ಮೇಲೆ ನಿಂತು ನೋಡುತ್ತಿದ್ದ. ಏನಾಯಿತು ಎಂದು ನಾನು ಹೇಳಬೇಕಾಗಿ ಬಂತು. ಅಷ್ಟೊಂದು ಹಸಿರಾಗಿದ್ದ ಹೊಲ ಬರಡು ಎಂದು ಹೇಳುವಾಗ ನನ್ನ ಮಾತು ನನಗೇ ನಂಬಿಕೆ ಬರುವಂತಿರಲಿಲ್ಲ. ಅಪ್ಪ ಏನೂ ಅನ್ನಲಿಲ್ಲ. "ಅಮ್ಮಂಗೆ ಈಗ್ಲೇ ಹೇಳ್ಬೇಡ" ಅಂದ.

ಅದೇ ಮಳೆಗೆ ರಾಗಿ ಎದ್ದಿತು. ಐದು ದಿನದಲ್ಲಿ ಹೊಸ ಎಲೆ, ಹತ್ತು ದಿನದಲ್ಲಿ ತೆಂಡೆ. ಒಂದು ಗುಡ್ಡೆಯಲ್ಲಿ ಆರೇಳು ತೆಂಡೆ ಎಣಿಸಿದೆ. ಅಪ್ಪ ಆ ಹದಕ್ಕೆ ಕಾದಿದ್ದವನು ಅರ್ಧ ಮೂಟೆ ಯೂರಿಯಾ ಎರಚಿದ, ಅಷ್ಟೇ. ಇನ್ನರ್ಧ ಯಾಕಿಲ್ಲ ಎಂದು ನಾನು ಕೇಳಿದ್ದಕ್ಕೆ ಊರಾಚೆಯ ಒಂದು ಹೊಲ ತೋರಿಸಿದ. ಬೋರ್‌ವೆಲ್ ಇದ್ದವರು, ರಾಗಿಗೆ ಎರಡು ಮೂಟೆ ಹಾಕಿದ್ದರು. ಪೈರು ಮೊಳಕಾಲು ದಾಟಿ ಕೊಬ್ಬಿ, ಒಂದು ಗಾಳಿಗೆ ಮಲಗಿತ್ತು, ತೆನೆ ಬಂದಾಗ ಕತ್ತಿನಲ್ಲಿ ಬೆಂಕಿರೋಗ ಬಿತ್ತು. ರಾಗಿಯ ದಂಟು ಗೊಬ್ಬರದ ಭಾರ ಹೊರುವಂಥದ್ದಲ್ಲ. ಹೆಚ್ಚು ಹಾಕಿದರೆ ಹೆಚ್ಚು ಕೊಡುವ ಗುಣ ಜೋಳಕ್ಕಿದೆ, ಅದನ್ನೇ ನೋಡಿ ಆರಿಸಿ ಬೆಳೆಸಿದ ಹೈಬ್ರಿಡ್ ಅದು. ರಾಗಿ ಕಡಿಮೆಗೆ ಒಗ್ಗಿದ್ದು. ಹಾಗೆಂದು ಏನೂ ಹಾಕದೆ ವರ್ಷ ವರ್ಷ ಬೆಳೆಯಬಹುದು ಎಂದಲ್ಲ. ಬೆಂಗಳೂರಿನ ಜಿಕೆವಿಕೆಯಲ್ಲಿ 1978ರಿಂದ ಒಂದೇ ಜಾಗದಲ್ಲಿ ರಾಗಿ ಬೆಳೆದು ನೋಡುತ್ತಿರುವ ಪ್ರಯೋಗವಿದೆ. ಬರಿಗೈಯಲ್ಲಿ ಬೆಳೆದ ಪಟ್ಟಿಯ ಇಳುವರಿ ಕುಸಿದಿದೆ, ಕೊಟ್ಟಿಗೆ ಗೊಬ್ಬರದ ಜೊತೆ ಗೊಬ್ಬರ ಕೊಟ್ಟದ್ದು ನಿಂತಿದೆ. ನಮ್ಮ ಮನೆಯಲ್ಲಿ ಹಸು ಮಾರಿದ ವರ್ಷ ಅಪ್ಪ ಬೇಜಾರಾದದ್ದು ಹಾಲಿಗಲ್ಲ.

ಸೆಪ್ಟೆಂಬರ್ ಕೊನೆಗೆ ರಾಗಿ ತೆನೆ ಬಿಟ್ಟಿತು. ಬರೀ ತಾಯಿ ಪೈರಿನದ್ದು ಮಾತ್ರ. ತೆಂಡೆಗಳದ್ದು ಒಂದಾದ ಮೇಲೊಂದು, ಮೂರು ವಾರ ಎಳೆಯಿತು. ಜೋಳದ ಹಾಗೆ ಗಂಡು ಮೇಲೆ ಹೆಣ್ಣು ಕೆಳಗೆ ಎಂಬ ತಾಪತ್ರಯ ಇದಕ್ಕಿಲ್ಲ. ಒಂದೇ ಪುಟ್ಟ ಹೂವಿನೊಳಗೆ ಎರಡೂ ಇದ್ದು ಹೆಚ್ಚಿನಂಶ ತನ್ನ ಪರಾಗಕ್ಕೆ ತಾನೇ ಕಾಳು ಕಟ್ಟುತ್ತದೆ. ಕೊಯ್ಲಿನವರು ಈ ಹಿಂದು ಮುಂದಿನ ತೆನೆಗೆ ಬೈಯುತ್ತಾರೆ, ಎರಡು ಸಲ ಹೊಲಕ್ಕೆ ಇಳಿಯಬೇಕಲ್ಲ. ಆದರೆ ಆ ವರ್ಷ ಅಕ್ಟೋಬರೂ ಒಣಗಿತು. ಉತ್ತರೆ ಮಳೆಯ ಹೊತ್ತಿಗೆ ಹೂವಾದ ತೆನೆಗಳು ತುಂಬಿದವು, ಆಮೇಲೆ ಬಂದವು ಅರೆಬರೆ, ಕೊನೆಯವು ಜಳ್ಳು. ಒಟ್ಟಿಗೇ ಹೂ ಬಿಟ್ಟಿದ್ದರೆ ಎಲ್ಲ ಉಳಿಯಬಹುದಿತ್ತು, ಎಲ್ಲ ಹೋಗಬಹುದಿತ್ತು. "ತೆನೆ ಕಟ್ಟೋವಾಗ ಮಳೆ ಹೋದ್ರೆ ರಾಗಿನೂ ಹೋಗ್ತದೆ ಕಣಪ್ಪ. ನಿಮ್ ತಾತನ್ ಕಾಲ್ದಲ್ಲಿ ಹುಲ್ಲೇ ತುಳಿದು ರಾಶಿ ಮಾಡಿದ ವರ್ಷ ಇದೆ" ಎಂದ ಅಪ್ಪ. ಬರ ಯಾವ ವಾರಕ್ಕೆ ಬೀಳುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ರಾಗಿಯನ್ನು ಎರಡು ವಾರ ತಡವಾಗಿ ಬಿತ್ತಿದ್ದೂ ಆ ವರ್ಷ ನಮ್ಮ ಕೈ ಹಿಡಿಯಿತು, ಆಗಸ್ಟಿನಲ್ಲಿ ಅದಿನ್ನೂ ಮಗು. ಎರಡನ್ನೂ ಒಂದೇ ದಿನ ಬಿತ್ತಿದ್ದರೆ ಏನಾಗುತ್ತಿತ್ತು ಎಂದು ನಾನು ಖಂಡಿತವಾಗಿ ಹೇಳಲಾರೆ. ಆದರೆ ತಡವಾಗಿ ಬಿತ್ತಿಯೂ ಬೆಳೆ ಸಿಗುತ್ತದೆ ಎಂಬುದೂ ರಾಗಿಯ ಗುಣವೇ. ಮಳೆ ಮುಂದಾದರೆ ನಾಲ್ಕು ತಿಂಗಳ ತಳಿ, ಹಿಂದಾದರೆ ಮೂರೂವರೆ, ಮೂರು ತಿಂಗಳದ್ದು. ಅಮ್ಮನ ವಾಡೆಯಲ್ಲಿ ಎರಡು ಬಗೆಯ ಬೀಜ ಯಾವಾಗಲೂ ಇರುತ್ತದೆ, ಹುಳು ಮುಟ್ಟುವುದಿಲ್ಲ. ಜೋಳದ ಬೀಜ ದುಡ್ಡು ಕೊಟ್ಟು ತಂದ ದಿನವೇ ಬಿತ್ತುವ ಅವಸರ ಹತ್ತಿರುತ್ತದೆ.

ಕೊಯ್ಲಿನ ಹೊತ್ತಿಗೆ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದ್ದರು. ಜೋಳದ ಮುಸುಕು ಸುಲಿದರೆ ಒಂದು ದಿಂಡಿಗೆ ಇಪ್ಪತ್ತು ಮೂವತ್ತು ಕಾಳು, ಹಲ್ಲು ಉದುರಿದ ಬಾಯಿಯ ಹಾಗೆ. ಒಂದೂವರೆ ಎಕರೆಗೆ ಮೂರು ಕ್ವಿಂಟಾಲ್ ಆಯಿತು. ದಂಟನ್ನು ಮೇವಿಗೆ ಕೊಟ್ಟು ಬಂದದ್ದೂ ಸೇರಿ ಹತ್ತು ಸಾವಿರ ಕೈಗೆ ಬಂತು. ರಾಗಿ ಒಂದೆಕರೆಗೆ ಐದೂವರೆ ಕ್ವಿಂಟಾಲ್. ಒಳ್ಳೆಯ ವರ್ಷದ ಅರ್ಧ. ಗೆದ್ದಿತು ಎನ್ನುವಂಥದ್ದೇನೂ ಅಲ್ಲ. ಆ ವರ್ಷ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 3,846 ರೂಪಾಯಿ ಇತ್ತು. ಅಮ್ಮ ಮನೆಗೆಂದು ಇಟ್ಟುಕೊಳ್ಳಬೇಕಿದ್ದ ರಾಗಿಯಲ್ಲಿ ಮೂರು ಕ್ವಿಂಟಾಲ್ ಮಾರಿ ಸಂಘದ ಸಾಲ ತೀರಿಸಿದಳು. ನಾನು ಕೊಡುತ್ತೇನೆಂದು ಮತ್ತೆ ಹೇಳಿದೆ. "ಆ ದುಡ್ನಾಗೆ ನೀನು ಪುಸ್ತಕ ತಗೋ" ಎಂದಳು. ಅದರಲ್ಲಿ ವ್ಯಂಗ್ಯ ಇತ್ತೋ ಇಲ್ಲವೋ ಇವತ್ತಿಗೂ ಗೊತ್ತಾಗಿಲ್ಲ. ಜನವರಿಯಿಂದಾಚೆ ಆ ಮನೆಯಲ್ಲಿ ರಾತ್ರಿ ಮುದ್ದೆ ನಿಂತು ಸೊಸೈಟಿ ಅಕ್ಕಿಯ ಅನ್ನವಾಯಿತು, ಅಪ್ಪ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

2024ರಲ್ಲಿ ಮಳೆ ಚೆನ್ನಾಗಿತ್ತು. ಅಪ್ಪ ಎರಡೂವರೆ ಎಕರೆಗೂ ರಾಗಿ ಹಾಕಿದ, ಆರು ಸಾಲಿಗೊಂದು ಅಕ್ಕಡಿ. ಪಕ್ಕದ ಹೊಲದವರು ಜೋಳ ಹಾಕಿ ಎಕರೆಗೆ ಇಪ್ಪತ್ತೆರಡು ಕ್ವಿಂಟಾಲ್ ತೆಗೆದರು. ಅಪ್ಪನಿಗೆ ಅದನ್ನು ತೋರಿಸುವ ಧೈರ್ಯ ನನಗೆ ಬರಲಿಲ್ಲ, ಅವನೇ ತೋರಿಸಿದ. ನಮ್ಮ ಹೊಲದ ಬದುವಿನ ಪಕ್ಕ ಒಂದು ಸಾಲು ಜೋಳವೂ ಇತ್ತು. ಸುಟ್ಟುಕೊಂಡು ತಿನ್ನಲಿ, ಮೊಮ್ಮಕ್ಕಳು ಬರುತ್ತಾರೆ ಎಂದು ಹಾಕಿದ್ದನಂತೆ. ಸೂಲಂಗಿ ಹೊರಟಿತ್ತು. ನಾನು ಒಂದನ್ನು ಬಗ್ಗಿಸಿ ಅಂಗೈ ಮೇಲೆ ಕೊಡವಿದೆ, ಹಳದಿ ಹುಡಿ ಬಿತ್ತು.